ಜೆಸಿಬಿ ಹಲ್ಲಿಗೆ ಕೇಬಲ್ ಸಿಕ್ಕಾಗ: ಕಂಡ ಕಡಿತದ ಆಚೆ ಇರುವ ಎರಡನೇ ಮುರಿತವನ್ನು ಹುಡುಕುವುದು, ಗುರುತು ಹಾಕುವುದು, ಜೋಡಿಸುವುದು, ವರದಿ ಬರೆಯುವುದು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ನೀರಿನ ಪೈಪಿಗೆ ಚರ ತೋಡಿಸುತ್ತಿದ್ದೆ. ಬೆಳಿಗ್ಗೆ 10:40ಕ್ಕೆ ಆಪರೇಟರ್ ಮಶೀನ್ ನಿಲ್ಲಿಸಿ ಕೂಗಿದ: "ಸಾಹೇಬ್ರ, ಬಕೆಟ್‌ನ್ಯಾಗ ಏನೋ ಕರೀ ಹಗ್ಗ ಬಂದೇತ್ರಿ." ಅದು ಹಗ್ಗವಾಗಿರಲಿಲ್ಲ. 24 ಎಳೆಯ ಆಪ್ಟಿಕಲ್ ಫೈಬರ್ ಕೇಬಲ್ ಆಗಿತ್ತು. ಹಿಂದಿನ ದಿನ ಕೇಬಲ್ ಮಾಲೀಕರ ಕಡೆಯವರು ಬಂದು ದಾರಿ ತೋರಿಸಿ ಹೋಗಿದ್ದರು. ನಾನು ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದ್ದೆ. ರಾತ್ರಿ ಬಿದ್ದ ಮಳೆಗೆ ಗೆರೆ ತೊಳೆದುಹೋಗಿತ್ತು, ಬೆಳಿಗ್ಗೆ ನೆನಪಿನ ಮೇಲೆ ಕೆಲಸ ಶುರು ಮಾಡಿಸಿದೆ. ತಪ್ಪು ನನ್ನದೇ.

ಆ ದಿನ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಫೈಬರ್ ಜೋಡಿಸುವುದು ಕೇಬಲ್ ಮಾಲೀಕರ ತಂಡದ ಕೆಲಸ, ನಮ್ಮದಲ್ಲ. ಆದರೆ ಅವರು ಬರುವ ತನಕ ನಾವು ಏನು ಮಾಡುತ್ತೇವೆ, ಏನು ಕೆಡಿಸುತ್ತೇವೆ ಎಂಬುದರ ಮೇಲೆ ದುರಸ್ತಿ ಆರು ತಾಸಿಗೆ ಮುಗಿಯುತ್ತದೋ ಎರಡು ದಿನ ಹಿಡಿಯುತ್ತದೋ ನಿರ್ಧಾರವಾಗುತ್ತದೆ.

ಮೊದಲು ಅದು ಕರೆಂಟಿನದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಕೆಸರು ಮೆತ್ತಿದ ಮೇಲೆ 11 ಕೆವಿ ಕೇಬಲ್ಲೂ ಫೈಬರ್ ಕೇಬಲ್ಲೂ ದೂರದಿಂದ ಒಂದೇ ತರಹ ಕಾಣುತ್ತವೆ. ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ಎಂಟು ಹತ್ತು ಮೀಟರ್ ದೂರದಲ್ಲಿ ನಿಂತೇ ನೋಡಿ. ಹರಿದ ತುದಿಯಲ್ಲಿ ಬಣ್ಣ ಬಣ್ಣದ ಸಣ್ಣ ಕೊಳವೆಗಳು, ಹಳದಿ ನೂಲು, ನಡುವೆ ಗಟ್ಟಿ ಕಡ್ಡಿ ಕಂಡರೆ ಫೈಬರ್. ತಾಮ್ರ ಅಥವಾ ಅಲ್ಯೂಮಿನಿಯಂ ಎಳೆಗಳು, ಅದರ ಸುತ್ತ ದಪ್ಪನೆಯ ಇನ್ಸುಲೇಷನ್, ಮೇಲೆ ಕಬ್ಬಿಣದ ಆರ್ಮರ್ ಕಂಡರೆ ವಿದ್ಯುತ್ತಿನದ್ದು. ಸಂಶಯವಿದ್ದರೆ ವಿದ್ಯುತ್ತಿನದ್ದೇ ಎಂದು ತಿಳಿದು ಹೆಸ್ಕಾಂಗೆ ಫೋನ್ ಮಾಡಿ, ಲೈನ್ ಬಂದ್ ಆಗಿದೆ ಎಂದು ಅವರು ಹೇಳುವ ತನಕ ಯಾರನ್ನೂ ಬಿಡಬೇಡಿ. ಟ್ರಿಪ್ ಆದ ಲೈನನ್ನು ಸಬ್‌ಸ್ಟೇಷನ್‌ನಲ್ಲಿ ಮತ್ತೆ ಚಾರ್ಜ್ ಮಾಡಿ ನೋಡುವುದುಂಟು. ಆದ್ದರಿಂದ ಕಿಡಿ ನಿಂತಿತು ಎಂದ ಮಾತ್ರಕ್ಕೆ ಕೇಬಲ್ ಸತ್ತಿದೆ ಎಂದಲ್ಲ. ಅಲ್ಲಿಯವರೆಗೆ ಆಪರೇಟರ್ ಕ್ಯಾಬಿನ್‌ನಲ್ಲೇ ಕೂತಿರಲಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಒಂದು ಕೈ ಮಶೀನಿನ ಮೇಲೆ, ಒಂದು ಕಾಲು ನೆಲದ ಮೇಲೆ ಇರಬಾರದು.

ಫೈಬರ್ ಎಂದು ಖಾತ್ರಿಯಾದ ಮೇಲೂ ಎರಡು ಮಾತು. ಒಡೆದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಚೂರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮದೊಳಗೆ ಹೋದರೆ ಹುಡುಕಿ ತೆಗೆಯುವುದು ಕಷ್ಟ.

ಮಶೀನ್ ಹಾಗೇ ನಿಲ್ಲಲಿ, ಯಾವುದನ್ನೂ ಎಳೆಯಬೇಡಿ

ನಮ್ಮವರ ಕೈ ಸುಮ್ಮನಿರುವುದಿಲ್ಲ. ಒಬ್ಬ ಕೇಬಲ್ ತುದಿ ಹಿಡಿದು ಜಗ್ಗುತ್ತಾನೆ, ಇನ್ನೊಬ್ಬ "ಮಣ್ಣು ಮುಚ್ಚಿಬಿಡೂಣಲೇ" ಅನ್ನುತ್ತಾನೆ. ಎರಡೂ ಬೇಡ. ಮುಚ್ಚಿದ ಚರವನ್ನು ಸಂಜೆ ಮತ್ತೆ ತೆರೆಯುವಾಗ ಅದೇ ಕೇಬಲ್ಲಿಗೆ ಇನ್ನೊಂದು ಏಟು ಬೀಳುತ್ತದೆ. ಜಗ್ಗಿದರೆ ಏನಾಗುತ್ತದೆ ಎಂಬುದು ಈ ಬರಹದ ಮುಖ್ಯ ವಿಷಯ, ಮುಂದೆ ಬರುತ್ತದೆ.

ಈ ಹೊತ್ತಿಗೆ ಮಾಡಬೇಕಾದದ್ದು ಫೋಟೋ ಮತ್ತು ಅಳತೆ. ಬಕೆಟ್ ಹಲ್ಲು ಎಲ್ಲಿದೆಯೋ ಅಲ್ಲೇ ಇರುವಾಗ, ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆಯಿರಿ. ಆಳವನ್ನು ಅಗೆಯದ ನೆಲದ ಅಂಚಿನಿಂದ ಅಳೆಯಿರಿ. ಚರದ ಪಕ್ಕ ರಾಶಿ ಹಾಕಿದ ಮಣ್ಣಿನ ಮೇಲಿಂದ ಅಳೆದರೆ ಅರ್ಧ ಮೀಟರ್ ಜಾಸ್ತಿ ಬರುತ್ತದೆ, ನಾಳೆ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಕಂಪೌಂಡ್ ಗೋಡೆಯಿಂದ ಮತ್ತು ಹತ್ತಿರದ ವಿದ್ಯುತ್ ಕಂಬದಿಂದ ಎಷ್ಟು ದೂರ ಎಂದು ಎರಡು ಅಳತೆ ಬರೆದಿಡಿ, ಕಂಬದ ನಂಬರ್ ಸಮೇತ. ಮೊಬೈಲಿನ ಜಿಪಿಎಸ್ ಗುರುತೂ ಇರಲಿ. ಆದರೆ ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದೊಂದನ್ನೇ ನಂಬಿ ಅಗೆಯಲಾಗದು.

ಇನ್ನೊಂದು ಅಳತೆಯನ್ನು ಬಹಳ ಜನ ಮರೆಯುತ್ತಾರೆ. ಕೇಬಲ್ಲಿನ ಹೊರಕವಚದ ಮೇಲೆ ಮೀಟರ್ ಮೀಟರಿಗೆ ಅಂಕಿ ಮುದ್ರಿಸಿರುತ್ತದೆ. ಕೆಸರು ಒರೆಸಿ, ಹರಿದ ಎರಡೂ ತುದಿಗಳ ಅಂಕಿ ಓದಿ. ನಮ್ಮಲ್ಲಿ ಒಂದು ತುದಿಯಲ್ಲಿ 1183, ಇನ್ನೊಂದರಲ್ಲಿ 1185 ಇತ್ತು. ಅಂದರೆ ನಡುವಿನ 2 ಮೀಟರ್ ಕೇಬಲ್ ಬಕೆಟ್‌ನಲ್ಲಿ ಚಿಂದಿಯಾಗಿತ್ತು. ಕವಚದ ಮೇಲೆ ಮಾಲೀಕರ ಹೆಸರು, ಎಷ್ಟು ಎಳೆಯದು, ಯಾವ ವರ್ಷದ್ದು ಎಂಬುದೂ ಇರುತ್ತದೆ. ಫೋನ್ ಮಾಡುವಾಗ ಇದನ್ನೆಲ್ಲ ಓದಿ ಹೇಳಿದರೆ ಅವರು ಸರಿಯಾದ ಕೇಬಲ್ ಡ್ರಮ್ ಹಾಕಿಕೊಂಡೇ ಹೊರಡುತ್ತಾರೆ.

ಕಂಡ ಕಡಿತ ಒಂದೇ ಅಲ್ಲ

ಫೈಬರ್ ಕೇಬಲ್ ಸಾಮಾನ್ಯವಾಗಿ ಎಚ್‌ಡಿಪಿಇ ಡಕ್ಟಿನೊಳಗೆ ಇರುತ್ತದೆ. ಡಕ್ಟಿನ ಒಳಮೈ ನುಣುಪು, ಕೇಬಲ್ ಸಲೀಸಾಗಿ ಜಾರಲಿ ಎಂದೇ ಹಾಗೆ ಮಾಡಿರುತ್ತಾರೆ. ಬಕೆಟ್ ಕೇಬಲ್ಲನ್ನು ಕತ್ತರಿಸುವುದಿಲ್ಲ, ಮೊದಲು ಕೊಕ್ಕೆ ಹಾಕಿ ಎತ್ತುತ್ತದೆ. ಆಗ ಕೇಬಲ್ ಎರಡೂ ಕಡೆಯಿಂದ ಡಕ್ಟಿನೊಳಗೆ ಜಾರಿ ಬರುತ್ತದೆ. ಮುಂದಿನ ಚೇಂಬರಿನಲ್ಲಿ ಸುತ್ತಿಟ್ಟಿರುವ ಸುರುಳಿ ಬಿಗಿಯುತ್ತದೆ. ಸುರುಳಿ ಬಿಗಿದು ಡಕ್ಟಿನ ಬಾಯಿಗೆ ಮಡಚಿ ಕೂತಾಗ, ಒಳಗಿನ ಗಾಜಿನ ಎಳೆ ಅಲ್ಲೇ ಸೀಳುತ್ತದೆ. ಹೊರಕವಚ ಸುಸ್ಥಿತಿಯಲ್ಲೇ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೆ ಬಕೆಟ್ ಬಳಿ ಕೇಬಲ್ ಹರಿಯುತ್ತದೆ.

ಡಕ್ಟ್ ಇಲ್ಲದೆ ನೇರ ಎರೆಮಣ್ಣಿನಲ್ಲಿ ಹೂತ ಕೇಬಲ್ಲಿನ ಕಥೆ ಬೇರೆ. ಮಳೆಗಾಲದಲ್ಲಿ ಎರಿ ಉಬ್ಬಿ ಕೇಬಲ್ಲನ್ನು ಅವುಚಿ ಹಿಡಿದಿರುತ್ತದೆ, ಎಳೆತ ದೂರ ಹೋಗುವುದಿಲ್ಲ, ಪೆಟ್ಟು ಬಿದ್ದ ಜಾಗದ ಆಸುಪಾಸಿನಲ್ಲೇ ಹರಿಯುತ್ತದೆ. ಬೇಸಿಗೆಯಲ್ಲಿ ಅದೇ ಎರಿ ಬಿರುಕು ಬಿಟ್ಟಾಗ ಹಿಡಿತ ಸಡಿಲ. ಹೀಗಾಗಿ "ಡಕ್ಟಿನಲ್ಲಿತ್ತಾ, ನೇರ ಮಣ್ಣಿನಲ್ಲಿತ್ತಾ" ಎಂಬುದು ದುರಸ್ತಿ ತಂಡಕ್ಕೆ ನೀವು ಕೊಡಬಹುದಾದ ಅತಿ ಉಪಯುಕ್ತ ಮಾಹಿತಿ.

ಡಕ್ಟಿನಲ್ಲಿದ್ದರೆ, ಎರಡೂ ಕಡೆಯ ಮೊದಲ ಚೇಂಬರಿನ ಮುಚ್ಚಳ ತೆರೆಸಿ ನೋಡುವುದು ಮುಂದಿನ ಹೆಜ್ಜೆ. ಮಾಲೀಕರ ಜನ ಬಂದ ಮೇಲೆ ಅವರ ಎದುರಿಗೇ ತೆರೆಯಬೇಕು. ಸುರುಳಿ ದುಂಡಗೆ ಸಡಿಲವಾಗಿ ಗೋಡೆಗೆ ಕಟ್ಟಿದ ಹಾಗೇ ಇದ್ದರೆ ಎಳೆತ ಅಲ್ಲಿಗೆ ತಲುಪಿಲ್ಲ. ಕಟ್ಟು ಹರಿದು, ಸುರುಳಿ ಮೊಟ್ಟೆಯಾಕಾರಕ್ಕೆ ಬಂದು, ಕೇಬಲ್ ಡಕ್ಟಿನ ಅಂಚಿಗೆ ಒತ್ತಿಕೊಂಡಿದ್ದರೆ ಅಲ್ಲಿ ಎರಡನೇ ಗಾಯ ಇದೆ ಎಂದೇ ತಿಳಿಯಿರಿ. ಹಗ್ಗದಂತೆ ಬಿಗಿದ ಕೇಬಲ್ಲಿನ ಮೇಲೆ ಹಳೆಯ ಕೆಸರಿನ ಗೆರೆ ಡಕ್ಟಿನ ಬಾಯಿಯಿಂದ ಎಷ್ಟು ಸರಿದಿದೆ ಎಂದು ನೋಡಿದರೆ ಎಷ್ಟು ಜಾರಿದೆ ಎಂಬುದೂ ಗೊತ್ತಾಗುತ್ತದೆ. ನಮ್ಮಲ್ಲಿ ವಿನಿಮಯ ಕೇಂದ್ರದ ಕಡೆಯ ಚೇಂಬರಿನಲ್ಲಿ ಅದು ಸುಮಾರು 3 ಮೀಟರ್ ಸರಿದಿತ್ತು. ಡಕ್ಟಿನ ಬಾಯಲ್ಲಿ ಕವಚದ ಅಂಕಿ 1125. ಕಡಿದ ತುದಿ 1183. ನಡುವೆ 58 ಮೀಟರ್ ಕೇಬಲ್.

ಓಟಿಡಿಆರ್ ಲೆಕ್ಕ

ಓಟಿಡಿಆರ್ ಎಂಬ ಯಂತ್ರ ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು, ಎಲ್ಲಿಂದ ಎಷ್ಟು ಬೆಳಕು ಮರಳಿತು ಎಂದು ನೋಡಿ ದೂರ ಹೇಳುತ್ತದೆ. ಅದಕ್ಕೆ ಒಂದು ಮಿತಿ ಇದೆ: ಪೂರ್ತಿ ಮುರಿದ ಜಾಗದ ಆಚೆ ಅದಕ್ಕೆ ಏನೂ ಕಾಣುವುದಿಲ್ಲ. ಒಂದು ತುದಿಯಿಂದ ಮಾತ್ರ ನೋಡಿದರೆ ಎರಡು ಮುರಿತಗಳಲ್ಲಿ ಹತ್ತಿರದ್ದು ಮಾತ್ರ ಸಿಗುತ್ತದೆ. ಹಾಗಾಗಿ ಎರಡೂ ತುದಿಯಿಂದ, ಎಲ್ಲ ಎಳೆಗಳನ್ನೂ ನೋಡಬೇಕು. ಒಂದು ಎಳೆ ನೋಡಿ ಮಿಕ್ಕ 23 ಹೀಗೇ ಇರುತ್ತವೆ ಅಂದುಕೊಳ್ಳುವವರು ರಾತ್ರಿ ಮತ್ತೆ ಬರುತ್ತಾರೆ.

ನಮ್ಮಲ್ಲಿ ಕಡಿದ ಲಿಂಕ್ ವಿನಿಮಯ ಕೇಂದ್ರದಿಂದ ಟವರಿಗೆ ಹೋಗುವಂಥದ್ದು. ಅದರ ಹಳೆಯ ದಾಖಲೆಯಲ್ಲಿ ಎಳೆಯ ಒಟ್ಟು ಉದ್ದ 7,860 ಮೀಟರ್ ಎಂದಿತ್ತು. ಆ ದಿನ ಸಿಕ್ಕ ಅಂಕಿಗಳು ಎರಡು ಗುಂಪಾದವು. 15 ಎಳೆಗಳು ಕೇಂದ್ರದ ಕಡೆಯಿಂದ 3,412 ಮೀಟರಿಗೆ ಮುರಿದಿದ್ದವು, ಟವರ್ ಕಡೆಯಿಂದ 4,446ಕ್ಕೆ. ಕೂಡಿಸಿದರೆ 7,858. ದಾಖಲೆಗೆ 2 ಮೀಟರ್ ಕಡಿಮೆ, ಅದು ಬಕೆಟ್‌ನಲ್ಲಿ ಚಿಂದಿಯಾದ ತುಂಡು. ಇಲ್ಲಿಗೆ ಲೆಕ್ಕ ಸರಿ.

ಉಳಿದ 9 ಎಳೆಗಳು ಟವರ್ ಕಡೆಯಿಂದ ಅದೇ 4,446 ತೋರಿಸಿದವು, ಆದರೆ ಕೇಂದ್ರದ ಕಡೆಯಿಂದ 3,353 ಮಾತ್ರ. ಕೂಡಿಸಿದರೆ 7,799, ಅಂದರೆ 61 ಮೀಟರ್ ಕೊರತೆ. 2 ಮೀಟರ್ ಚಿಂದಿ ಕಳೆದರೆ 59. ಕವಚದ ಅಂಕಿಯಲ್ಲಿ ಚೇಂಬರಿನಿಂದ ಕಡಿತದವರೆಗೆ ಇದ್ದದ್ದು 58. ಎಳೆ ಕವಚದೊಳಗೆ ಸ್ವಲ್ಪ ಸುರುಳಿಯಾಗಿ ಹೋಗುವುದರಿಂದ ಎಳೆಯ ಉದ್ದ ಕೇಬಲ್ಲಿಗಿಂತ ಯಾವಾಗಲೂ ಕೊಂಚ ಹೆಚ್ಚು. ಆ ಒಂದು ಮೀಟರ್ ವ್ಯತ್ಯಾಸ ಅದರದ್ದೇ. ಎರಡನೇ ಮುರಿತ ಚೇಂಬರಿನ ಡಕ್ಟ್ ಬಾಯಲ್ಲಿದೆ ಎಂದು ಅಗೆಯದೆಯೇ ಗೊತ್ತಾಯಿತು.

ಚೇಂಬರಿನಲ್ಲಿ ಮುರಿಯದ 15 ಎಳೆಗಳ ಗತಿ? ಅವನ್ನು 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ನೋಡಿದರು. 3,353ರ ಜಾಗದಲ್ಲಿ 1310ರಲ್ಲಿ ಇಳಿತ ಅಷ್ಟಾಗಿ ಇಲ್ಲ, 1550ರಲ್ಲಿ ಮಾತ್ರ 0.7 ಡಿಬಿ. ಉದ್ದ ತರಂಗದಲ್ಲಿ ಮಾತ್ರ ಹೆಚ್ಚು ಕಾಣುವ ನಷ್ಟ ಎಂದರೆ ಮಡಿಕೆ. ಅಲ್ಲಿಗೆ ಆ ಎಳೆಗಳೂ ಹಿಂಡಿಸಿಕೊಂಡಿವೆ, ಇವತ್ತಲ್ಲ ನಾಳೆ ಕೈಕೊಡುತ್ತವೆ. ಒಂಬತ್ತನ್ನು ಮಾತ್ರ ಸರಿಪಡಿಸುವ ಮಾತು ಅಲ್ಲಿಗೆ ಮುಗಿಯಿತು.

ಚೇಂಬರ್ ಎಲ್ಲಿದೆ ಎಂದೇ ಗೊತ್ತಿರದಿದ್ದರೆ? ಓಟಿಡಿಆರ್ ಹೇಳುವುದು ಗಾಜಿನ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಮೂರೂವರೆ ಕಿಲೋಮೀಟರ್ ಕೇಂದ್ರದಿಂದ ಅಳೆಯುತ್ತ ಬಂದರೆ ತಪ್ಪು ಹತ್ತಾರು ಮೀಟರ್ ಆಗುತ್ತದೆ. ಗೊತ್ತಿರುವ ಕೊನೆಯ ಜೋಡಣೆಯಿಂದ ಅಳೆಯಬೇಕು. ನಮ್ಮಲ್ಲಿ ಅದು 2,940ರಲ್ಲಿತ್ತು. ಅಲ್ಲಿಂದ 3,353ಕ್ಕೆ 413 ಮೀಟರ್ ಎಳೆ. ಶೇಕಡಾ ಒಂದು ಕಳೆದರೆ ಕೇಬಲ್ 409. ಜೋಡಣೆಯ ಬಳಿ ಸುತ್ತಿಟ್ಟ 10 ಮೀಟರ್ ಮತ್ತು ಈ ಚೇಂಬರಿನಲ್ಲಿ ಉಳಿದಿದ್ದ 7 ಮೀಟರ್ ಸುರುಳಿ ಕಳೆದರೆ 392. ಅಳತೆ ಚಕ್ರ ಉರುಳಿಸಿಕೊಂಡು ಬಂದಾಗ ಮುಚ್ಚಳ ಸಿಕ್ಕಿದ್ದು 391ಕ್ಕೆ. ಆ ಮುಚ್ಚಳದ ಮೇಲೆ ಯಾರೋ ಕಟ್ಟಡದ ಉಸುಕು ಸುರಿದಿದ್ದರು, ಅದು ಬೇರೆ ಮಾತು.

ಗುರುತು ಹಾಕುವುದು

ದುರಸ್ತಿಗೆ ಮತ್ತೆ ಅಗೆಯಬೇಕು, ಎರಡನೇ ಬಾರಿ ಕಡಿಯುವುದು ಈ ಹೊತ್ತಿನಲ್ಲೇ ಹೆಚ್ಚು. ಕೇಬಲ್ಲಿಗೆ ಲೋಹದ ಆರ್ಮರ್ ಅಥವಾ ಜೊತೆಗೆ ತಂತಿ ಇದ್ದರೆ ಅದಕ್ಕೆ ಸಿಗ್ನಲ್ ಕೊಟ್ಟು ಲೊಕೇಟರ್ ಹಿಡಿದು ಮೇಲಿಂದ ದಾರಿ ಹುಡುಕಬಹುದು. ಕಡಿದ ಜಾಗದಲ್ಲಿ ಆರ್ಮರ್ ಕೂಡ ಹರಿದಿರುವುದರಿಂದ ಎರಡೂ ಕಡೆಗೆ ಬೇರೆ ಬೇರೆಯಾಗಿ ಸಿಗ್ನಲ್ ಕೊಡಬೇಕು. ಲೋಹವೇ ಇಲ್ಲದ ಕೇಬಲ್ಲಿಗೆ ಲೊಕೇಟರ್ ಕುರುಡು.

"ನೆಲದೊಳಗೆ ರಾಡಾರ್ ಬಿಟ್ಟು ನೋಡೂಣ" ಎಂದು ಬೆಂಗಳೂರಿನಿಂದ ಬಂದ ಎಂಜಿನಿಯರ್ ಒಬ್ಬರು ಹೇಳಿದ್ದರು. ಉಸುಕು ನೆಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಹುಬ್ಬಳ್ಳಿಯ ಎರೆಮಣ್ಣು ಜೇಡಿ, ಅದರಲ್ಲೂ ಹಸಿಯಾಗಿದ್ದರೆ ರಾಡಾರ್ ಅಲೆಯನ್ನು ನುಂಗಿಬಿಡುತ್ತದೆ. ಒಂದು ಮೀಟರ್ ಕೆಳಗಿನ ಪ್ಲಾಸ್ಟಿಕ್ ಡಕ್ಟ್ ಪರದೆಯ ಮೇಲೆ ಕಾಣುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಇಲ್ಲಿ ನಂಬಬಹುದಾದದ್ದು ಕೈಗುಂಡಿ. ಕಡಿತದ ಎರಡೂ ಕಡೆ ಎರಡೆರಡು ಮೀಟರಿಗೆ, ದಾರಿಗೆ ಅಡ್ಡವಾಗಿ, ಸಲಿಕೆಯಲ್ಲಿ ಅಗೆಸಿ ಡಕ್ಟನ್ನು ಕಣ್ಣಿಂದ ನೋಡಬೇಕು. ಹಾರೆ ಬೇಡ, ಹಾರೆಯ ಮೊನೆ ಡಕ್ಟಿಗೆ ತೂತು ಹಾಕುತ್ತದೆ. ಎರಡು ಗುಂಡಿಯಲ್ಲಿ ಡಕ್ಟ್ ಸಿಕ್ಕರೆ ನಡುವೆ ದಾರ ಕಟ್ಟಿ. ಆದರೆ ದಾರ ನೇರವಿದ್ದರೂ ಡಕ್ಟ್ ನೇರ ಇರಬೇಕೆಂದಿಲ್ಲ, ಕಂಬ, ಗಟಾರದ ಬಳಿ ಬಳಸಿ ಹೋಗಿರುತ್ತದೆ. ದಾರದ ಎರಡೂ ಬದಿಗೆ ಒಂದೊಂದು ಮೀಟರ್ ಜಾಗದಲ್ಲಿ ಮಶೀನ್ ಇಳಿಸುವುದಿಲ್ಲ ಎಂಬುದು ಈಗ ನನ್ನ ಸೈಟಿನ ನಿಯಮ.

ಸುಣ್ಣದ ಗೆರೆ ಸಾಕಾಗುವುದಿಲ್ಲ ಎಂದು ನಾನು ದುಡ್ಡು ಕೊಟ್ಟು ಕಲಿತೆ. ಈಗ ಐದು ಮೀಟರಿಗೊಂದು ಗೂಟ ಹೊಡೆಸಿ, ತಲೆಗೆ ಬಣ್ಣದ ಪಟ್ಟಿ ಸುತ್ತಿಸುತ್ತೇನೆ: ಫೈಬರಿಗೆ ಕಿತ್ತಳೆ, ಕರೆಂಟಿಗೆ ಕೆಂಪು, ನೀರಿಗೆ ನೀಲಿ, ಗ್ಯಾಸಿಗೆ ಹಳದಿ. ಗೂಟವನ್ನು ಕೇಬಲ್ಲಿನ ಮೇಲೆ ಹೊಡೆಯದೆ ಅರ್ಧ ಮೀಟರ್ ಬದಿಗೆ ಹೊಡೆದು, ಆ ಅಂತರವನ್ನು ಗೂಟದ ಮೇಲೇ ಬರೆಸುತ್ತೇನೆ. ಬೆಳಿಗ್ಗೆ ಮಶೀನ್ ಚಾಲೂ ಮಾಡುವ ಮೊದಲು ಆಪರೇಟರ್ ಗೂಟದ ಸಾಲನ್ನು ನಡೆದು ನೋಡಿ ಬರಬೇಕು. ಕ್ಯಾಬಿನ್ನಿನಲ್ಲಿ ಕೂತು ನೋಡಿದೆ ಅಂದರೆ ಒಪ್ಪುವುದಿಲ್ಲ.

ಅಗೆಯುವ ಮೊದಲೇ ಸೂಚನೆ ಕೊಡುವುದು ಈಗ ಕಾನೂನಿನ ಹೊಣೆ. 2023ರ ಜನವರಿಯಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಅಗೆಯುವವರು ಸಾಮಾನ್ಯ ಪೋರ್ಟಲ್ ಮೂಲಕ ಮುಂಚೆ ತಿಳಿಸಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಶುರುವಾಯಿತು. ಆದರೆ ತಮ್ಮ ಕೇಬಲ್ ದಾರಿಯನ್ನು ಅಲ್ಲಿ ಸೇರಿಸಿದವರಿಗೆ ಮಾತ್ರ ನಿಮ್ಮ ಸೂಚನೆ ತಲುಪುತ್ತದೆ. ಅದಕ್ಕೇ ಪಾಲಿಕೆ, ಹೆಸ್ಕಾಂ, ಗ್ಯಾಸ್‌ನವರಿಗೆ ಬೇರೆಯಾಗಿಯೂ ತಿಳಿಸಿ, ಉತ್ತರವನ್ನು ಜೋಪಾನ ಮಾಡಿ.

ಜೋಡಣೆ

ಎರಡು ತುದಿಗಳನ್ನು ಎಳೆದು ಹತ್ತಿರ ತಂದು ಒಂದೇ ಜಾಯಿಂಟ್ ಹಾಕಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಸುರುಳಿಯಲ್ಲಿ ಉಳಿಕೆ ಇದ್ದರೆ ಅದು ಸಾಧ್ಯವೂ ಹೌದು. ಆದರೆ ನಮ್ಮಲ್ಲಿ ಸುರುಳಿಯೇ ಗಾಯವಾಗಿತ್ತು. ಹಾಗಾಗಿ ಚೇಂಬರಿನಿಂದ ಕಡಿತದ ಆಚೆಯವರೆಗೆ ಹೊಸ ಕೇಬಲ್ ಹಾಕುವುದೆಂದು ತೀರ್ಮಾನವಾಯಿತು. ಟವರ್ ಕಡೆಯ ತುದಿಯನ್ನೂ ಹಾಗೇ ಬಳಸಲಿಲ್ಲ. ಕವಚ ತೆಳ್ಳಗಾಗಿ, ನಡುವಿನ ಕಡ್ಡಿ ಹೊರಗೆ ಚಾಚಿದ ಭಾಗವೆಲ್ಲ ಹಿಗ್ಗಿದ ಭಾಗ. ಕವಚ, ಕಡ್ಡಿ, ಕೊಳವೆ ಮೂರೂ ಒಂದೇ ಮಟ್ಟದಲ್ಲಿ ಬರುವ ತನಕ ಕತ್ತರಿಸುತ್ತ ಹೋಗಿ 6 ಮೀಟರ್ ಬಿಟ್ಟುಕೊಟ್ಟರು. 58, 2, 6 ಸೇರಿ 66 ಮೀಟರ್, ಜೊತೆಗೆ ಎರಡೂ ಜಾಯಿಂಟಿನಲ್ಲಿ ಹತ್ತತ್ತು ಮೀಟರ್ ಉಳಿಕೆ. 86 ಮೀಟರ್ ಹೊಸ ಕೇಬಲ್ ಬೇಕಾಯಿತು, ಹಳೆಯದರ ಜಾತಿಯದ್ದೇ.

ಈ ಹೊತ್ತಿನಲ್ಲಿ ನಮ್ಮ ಕೆಲಸ ಡಕ್ಟಿನದ್ದು. ಜಜ್ಜಿದ ಭಾಗವನ್ನು ನೇರವಾಗಿ ಕತ್ತರಿಸಿ, ಒಳಗೆ ಹೋದ ಕೆಸರನ್ನು ತೆಗೆದು, ಕಪ್ಲರ್ ಹಾಕಿ ಹೊಸ ತುಂಡು ಕೂಡಿಸಬೇಕು. ಕೆಸರು ಉಳಿದರೆ ಹೊಸ ಕೇಬಲ್ ನಡುವೆ ಸಿಕ್ಕಿಬೀಳುತ್ತದೆ, ಜಗ್ಗಿದರೆ ಹೊಸದಕ್ಕೂ ಅದೇ ಗಾಯ. ಕಡಿತದ ಜಾಗದಲ್ಲಿ ಹೊಸ ಚೇಂಬರಿಗೆ ಗುಂಡಿಯನ್ನು ಅಗಲವಾಗಿ ತೆಗೆಯಿರಿ. ಸುರುಳಿ ಇಕ್ಕಟ್ಟಾಗಬಾರದು, ಎರೆಮಣ್ಣಿನ ಗೋಡೆ ಒದ್ದೆಯಾದರೆ ಕುಸಿಯುವುದರಿಂದ ಬದಿಗೆ ಹಲಗೆಯ ಆಸರೆಯೂ ಬೇಕು.

ಎಳೆ ಜೋಡಿಸುವವರು ಮಾಲೀಕರ ಕಂಟ್ರೋಲ್ ರೂಮಿನಿಂದ ಪಟ್ಟಿ ಪಡೆದು, ಸಂಚಾರವಿರುವ ಎಳೆಗಳನ್ನು ಮೊದಲು ಮಾಡುತ್ತಾರೆ. ನಮ್ಮಲ್ಲಿ ಅವು 8. ಎರಡು ಕಡೆ ಸೇರಿ 16 ಜೋಡಣೆ. ಸಂಜೆ 5:50ಕ್ಕೆ ಅವು ಚಾಲೂ ಆದವು, ಮಿಕ್ಕವು ರಾತ್ರಿ 9:15ಕ್ಕೆ. ಗುಡಾರದಂತೆ ತಾಡಪತ್ರಿ ಕಟ್ಟಿ ಧೂಳು, ಗಾಳಿ ತಡೆದುಕೊಟ್ಟರೆ ಅವರ ಕೆಲಸ ಬೇಗ ಸಾಗುತ್ತದೆ. ಪಕ್ಕದಲ್ಲಿ ಡಂಪರ್ ಓಡಿಸಬೇಡಿ.

ಪ್ರತಿ ಜೋಡಣೆಯ ನಷ್ಟವನ್ನು ಎರಡೂ ತುದಿಯಿಂದ ಅಳೆದು ಸರಾಸರಿ ತೆಗೆಯಬೇಕು. ಒಂದು ಎಳೆಯಲ್ಲಿ ಕೇಂದ್ರದ ಕಡೆಯಿಂದ 0.14 ಡಿಬಿ ಬಂತು, ನನ್ನ ಸೂಪರ್‌ವೈಜರ್ ಗಾಬರಿಯಾದ. ಟವರ್ ಕಡೆಯಿಂದ ಅದೇ ಜೋಡಣೆ ಮೈನಸ್ 0.02 ತೋರಿಸಿತು. ಹಳೆಯ ಮತ್ತು ಹೊಸ ಗಾಜು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಮರಳಿಸುವುದರಿಂದ ಒಂದು ಕಡೆ ನಷ್ಟ ಜಾಸ್ತಿ, ಇನ್ನೊಂದು ಕಡೆ ಲಾಭದಂತೆ ಕಾಣುತ್ತದೆ. ಸರಾಸರಿ 0.06, ಒಪ್ಪಿಕೊಂಡ 0.1ರ ಮಿತಿಯೊಳಗೇ ಇದೆ.

ವರದಿ

ವರದಿಯಲ್ಲಿ ಕಂಡದ್ದನ್ನು ಮತ್ತು ಅಳೆದದ್ದನ್ನು ಬರೆಯಿರಿ, ಊಹೆ ಬೇಡ. "ಕೇಬಲ್ ಆಳ ಕಡಿಮೆ ಇತ್ತು" ಎಂದು ಬರೆದರೆ ಅದು ವಾದ. "ಅಗೆಯದ ನೆಲದಿಂದ ಡಕ್ಟಿನ ಮೇಲ್ಮೈಗೆ 0.95 ಮೀಟರ್, ಫೋಟೋ 4" ಎಂದರೆ ಪುರಾವೆ. ನಾನು ಕೊಟ್ಟ ವರದಿಯ ನಡುಭಾಗ ಹೀಗಿತ್ತು:

"10:40 ಕೇಬಲ್ ತುಂಡಾದದ್ದು ಗಮನಕ್ಕೆ ಬಂತು, ಯಂತ್ರ ನಿಲ್ಲಿಸಲಾಯಿತು. 10:52 ಮಾಲೀಕರಿಗೆ ಫೋನ್. 12:15 ಅವರ ತಂಡ ಸ್ಥಳಕ್ಕೆ ಬಂತು. ಹಿಂದಿನ ದಿನ ಹಾಕಿದ ಸುಣ್ಣದ ಗುರುತು ಮಳೆಗೆ ಅಳಿಸಿತ್ತು, ಮರುಗುರುತು ಮಾಡದೆ ಕೆಲಸ ಆರಂಭಿಸಲಾಗಿತ್ತು. ಕವಚದ ಅಂಕಿ 1183 ಮತ್ತು 1185. ಎರಡನೇ ಹಾನಿ ಚೇಂಬರಿನ ಡಕ್ಟ್ ಬಾಯಲ್ಲಿ, ಅಂಕಿ 1125. ಹೊಸ ಕೇಬಲ್ 86 ಮೀಟರ್, ಜಾಯಿಂಟ್ 2."

ಸೇವೆ ನಿಂತ ಹೊತ್ತನ್ನು ಎರಡು ಸಾಲಿನಲ್ಲಿ ಬರೆಯಿರಿ: ಸಂಚಾರವಿದ್ದ ಎಳೆಗಳು 7 ಗಂಟೆ 10 ನಿಮಿಷ, ಪೂರ್ತಿ ಕೇಬಲ್ 10 ಗಂಟೆ 35 ನಿಮಿಷ. ಒಂದೇ ಅಂಕಿ ಬರೆದರೆ, ಪರಿಹಾರ ಲೆಕ್ಕ ಹಾಕುವವರು ದೊಡ್ಡದನ್ನೇ ಹಿಡಿಯುತ್ತಾರೆ. ಸುಣ್ಣದ ಸಾಲನ್ನು ಬಿಟ್ಟುಬಿಡು ಎಂದು ಗೆಳೆಯನೊಬ್ಬ ಹೇಳಿದ್ದ. ಆದರೆ ಗೆರೆ ಹಾಕಿದ ಫೋಟೋ ಅವರ ಬಳಿಯೂ ಇತ್ತು, ನನ್ನ ಬಳಿಯೂ ಇತ್ತು. ಬಿಟ್ಟಿದ್ದರೆ ಮಿಕ್ಕ ಅಳತೆಗಳನ್ನೂ ಅವರು ನಂಬುತ್ತಿರಲಿಲ್ಲ.

ಕೊನೆಯ ಸಾಲು ಮುಂದೆ ಬರುವವರಿಗೆ. ಹೊಸ ಕೇಬಲ್ ಉದ್ದವಾದ್ದರಿಂದ ಲಿಂಕಿನ ಎಳೆ ಈಗ 7,860 ಅಲ್ಲ, ಅಳೆದಾಗ 7,878 ಬಂತು. ಹಳೆಯ ಅಂಕಿಯೇ ರಿಜಿಸ್ಟರಿನಲ್ಲಿ ಉಳಿದರೆ, ಇನ್ನೊಂದು ಸಲ ಎಲ್ಲೋ ಕಡಿದಾಗ ಹುಡುಕುವವರು 18 ಮೀಟರ್ ತಪ್ಪು ಜಾಗದಲ್ಲಿ ರಸ್ತೆ ಒಡೆಯುತ್ತಾರೆ. ಹೊಸ ಉದ್ದ, ಎರಡು ಹೊಸ ಜಾಯಿಂಟುಗಳ ದೂರ, ತಾರೀಕು ಇವನ್ನು ಮಾಲೀಕರ ರಿಜಿಸ್ಟರಿನಲ್ಲಿ ಬರೆಸಿ ಸಹಿ ಪಡೆದೆ. ಹೊಸ ಚೇಂಬರಿನ ಪಕ್ಕ ಗುರುತಿನ ಕಲ್ಲು ನೆಡಿಸಿ, ಒಳಗೆ ಸುರುಳಿಗೆ ಅದೇ ಅಂಕಿಗಳ ತಗಡಿನ ಟ್ಯಾಗ್ ಕಟ್ಟಿಸಿದ ಮೇಲೆ ಮುಚ್ಚಳ ಹಾಕಿಸಿದೆ.